ಶಾಲೆಯ ಇಂಗ್ಲಿಷ್ ಸುತ್ತೋಲೆ: ಫೋಟೊದಿಂದ ತಾರೀಖು, ಹಣ, ಕೆಲಸಗಳನ್ನು ಬಿಡಿಸಿಕೊಳ್ಳುವ ಬಗೆ

ಇಂಗ್ಲಿಷ್ ಮಾಧ್ಯಮ ಶಾಲೆಯ ಸುತ್ತೋಲೆಗಳು ಈಗ ಹೆಚ್ಚಾಗಿ ಬರುವುದು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ, ಅದೂ ಯಾರೋ ಒಬ್ಬರು ಮಗುವಿನ ಡೈರಿಯಿಂದ ತೆಗೆದ ಫೋಟೊವಾಗಿ. ನಮ್ಮ ಬೀದಿಯ ತರಕಾರಿ ಅಂಗಡಿಯ ಅಕ್ಕನ ಮಗಳೂ ನನ್ನ ಮಗನೂ ಒಂದೇ ಶಾಲೆಯವರಾದ್ದರಿಂದ, ಅಂಥ ಫೋಟೊ ಬಂದ ಸಂಜೆ ಅವರು ಫೋನ್ ಹಿಡಿದು ಬಂದು, “ಅಣ್ಣಾ, ಇದು ನಮ್ಮ ಹುಡುಗಿಗೂ ಅನ್ವಯಿಸುತ್ತಾ? ಎಷ್ಟು ಕಟ್ಟಬೇಕು, ಎಂದಿನೊಳಗೆ ಕಟ್ಟಬೇಕು?” ಎಂದು ಕೇಳುವುದು ವಾಡಿಕೆಯಾಗಿಬಿಟ್ಟಿದೆ. ಪತ್ರದ ಪೂರ್ತಿ ಅನುವಾದ ಅವರಿಗೆ ಬೇಕಿಲ್ಲ. ಯಾರಿಗೆ, ಎಷ್ಟು, ಯಾವಾಗ, ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ಐದು ಉತ್ತರಗಳು ಸಾಕು, ಆದರೆ ಆ ಐದರಲ್ಲಿ ಒಂದೂ ತಪ್ಪಬಾರದು.

ಮೊದಲ ಕೆಲಸ ಫೋಟೊವನ್ನು ಪರೀಕ್ಷಿಸುವುದು. ಕಾಗದದ ನಾಲ್ಕೂ ಮೂಲೆಗಳು ಚೌಕಟ್ಟಿನೊಳಗಿವೆಯೇ ಎಂದು ನೋಡಬೇಕು. ಮೂಲೆ ಕಾಣದಿದ್ದರೆ ಆ ಕಡೆಯ ಸಾಲುಗಳ ಕೊನೆಯ ಅಕ್ಷರಗಳೂ ಹೋಗಿರುತ್ತವೆ. ಕೆಳಭಾಗದಲ್ಲಿ ಚುಕ್ಕೆಗೆರೆಯ ಕೆಳಗೆ ಕತ್ತರಿಸಿ ಕೊಡಬೇಕಾದ ಒಪ್ಪಿಗೆ ಚೀಟಿ ಇದ್ದರೆ ಅದೂ ಪತ್ರದ ಭಾಗವೇ, ಮತ್ತು ಹಲವು ಬಾರಿ ಕೊನೆಯ ದಿನಾಂಕ ಬರೆದಿರುವುದು ಅಲ್ಲಿ ಮಾತ್ರ. ಹಿಂಬದಿಯಲ್ಲಿ ಏನಾದರೂ ಅಚ್ಚಾಗಿದೆಯೇ ಎಂದು ಕಳುಹಿಸಿದವರನ್ನು ಒಮ್ಮೆ ಕೇಳಿಬಿಡುವುದು ಲೇಸು. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳುಹಿಸುವುದರಿಂದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿದರೆ ಮೂಲದಷ್ಟೇ ಸ್ಪಷ್ಟವಾಗಿ ಬರುತ್ತದೆ.

ಮಸುಕು ಫೋಟೊದಲ್ಲಿ ಪದಗಳಿಗಿಂತ ಅಂಕಿಗಳು ಹೆಚ್ಚು ಮೋಸ ಮಾಡುತ್ತವೆ. ಪದದಲ್ಲಿ ಒಂದು ಅಕ್ಷರ ಅಳಿಸಿದ್ದರೂ ವಾಕ್ಯದ ಅರ್ಥ ಹಿಡಿದು ಊಹಿಸಬಹುದು, ಅಂಕಿಗೆ ಆ ಅನುಕೂಲವಿಲ್ಲ. 3 ಮತ್ತು 8, 1 ಮತ್ತು 7, 5 ಮತ್ತು 6 ಒಂದೇ ಬಗೆಯಾಗಿ ಕಾಣುತ್ತವೆ. ಮೊತ್ತದ ಕೊನೆಗೆ ಹಾಕುವ ಓರೆಗೆರೆ ಮತ್ತು ಅಡ್ಡಗೆರೆಯದಂತೂ ವಿಶೇಷ ಕಾಟ: 850/- ಎಂಬುದು ಮಂಜಾದ ಚಿತ್ರದಲ್ಲಿ 8501 ಎಂದು ಓದಿಸಿಕೊಳ್ಳುತ್ತದೆ. ಫೋನಿನಲ್ಲಿ ಚಿತ್ರದಿಂದ ಅಕ್ಷರ ಹೆಕ್ಕುವ ಸೌಲಭ್ಯವನ್ನು ಬಳಸುವವರು ಇದನ್ನು ಇನ್ನಷ್ಟು ಜಾಗ್ರತೆಯಿಂದ ನೋಡಬೇಕು, ಏಕೆಂದರೆ ಅಲ್ಲಿ ರೂಪಾಯಿಯ ಚಿಹ್ನೆಯೂ ಕೆಲವೊಮ್ಮೆ 7 ಅಥವಾ 2 ಆಗಿ ಮೊತ್ತದ ಮುಂದೆ ಕೂತುಬಿಡುತ್ತದೆ. ಅಂಕಿಯನ್ನು ಹೆಕ್ಕಿದ ಪಠ್ಯದಿಂದ ತೆಗೆದುಕೊಳ್ಳದೆ, ಚಿತ್ರವನ್ನೇ ಹಿಗ್ಗಿಸಿ ಕಣ್ಣಾರೆ ಓದುವುದು ಉತ್ತಮ.

ಇನ್ನು ಒಂದು ಪತ್ರವನ್ನೇ ಎದುರಿಗಿಟ್ಟುಕೊಳ್ಳೋಣ. ಇದು ನಾನು ಮಾದರಿಗಾಗಿ ಕಟ್ಟಿದ್ದು, ಆದರೆ ಇದರ ಒಂದೊಂದು ವಾಕ್ಯವೂ ನಿಜವಾದ ಸುತ್ತೋಲೆಗಳಲ್ಲಿ ಕಾಣುವಂಥದ್ದೇ. ಮೇಲೆ ಉಲ್ಲೇಖ ಸಂಖ್ಯೆ, ಅದರ ಪಕ್ಕ 27-10-2025 ಎಂಬ ದಿನಾಂಕ. 6ರಿಂದ 8ನೇ ತರಗತಿಯವರೆಗಿನ ಪೋಷಕರಿಗೆ ಎಂಬ ಸಂಬೋಧನೆ. ಮೊದಲ ಪ್ಯಾರಾದಲ್ಲಿ ಶಾಲೆಗೆ ಸಂತೋಷವಾಗಿರುವ ವಿಷಯ. ಎರಡನೆಯದರಲ್ಲಿ 7 ಮತ್ತು 8ನೇ ತರಗತಿಯವರಿಗೆ ನವೆಂಬರ್ 22, ಶನಿವಾರ ಬೇಲೂರು ಹಳೇಬೀಡಿಗೆ ಪ್ರವಾಸ; ಬೆಳಿಗ್ಗೆ 5.30ಕ್ಕೆ ಶಾಲೆಯಿಂದ ಹೊರಟು ರಾತ್ರಿ 9ರ ಸುಮಾರಿಗೆ ವಾಪಸು. ತಲಾ 850 ರೂಪಾಯಿ, ಇದರಲ್ಲಿ ಬಸ್ಸು, ತಿಂಡಿ, ಊಟ ಸೇರಿದೆ, ಹಣ ಮರಳಿ ಕೊಡಲಾಗುವುದಿಲ್ಲ. ಹಣವನ್ನು ಒಪ್ಪಿಗೆ ಚೀಟಿಯೊಂದಿಗೆ ಲಕೋಟೆಯಲ್ಲಿಟ್ಟು ತರಗತಿ ಶಿಕ್ಷಕರಿಗೆ ನವೆಂಬರ್ 8, ಶುಕ್ರವಾರದೊಳಗೆ ತಲುಪಿಸಬೇಕು. ಮೂರನೆಯ ಪ್ಯಾರಾದಲ್ಲಿ ಎರಡನೇ ಕಂತಿನ ಶುಲ್ಕ 12,500 ರೂಪಾಯಿ, 10-11-2025ರಂದು ಅಥವಾ ಅದಕ್ಕೆ ಮುಂಚೆ, ಆನ್‌ಲೈನ್ ಮೂಲಕ ಮಾತ್ರ. ಆಮೇಲೆ ದಿನಕ್ಕೆ 50 ರೂಪಾಯಿ ದಂಡ. ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಶುಲ್ಕ ಬಾಕಿ ಇರುವ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದಿಲ್ಲ ಎಂಬ ಒಂದು ಸಾಲು, ಅದರ ಕೆಳಗೆ ಪ್ರವಾಸಕ್ಕೆ ಹೋದವರಿಗೆ 24ರ ಸೋಮವಾರ ರಜೆ ಎಂಬ ಇನ್ನೊಂದು.

ಓದುವಾಗ ಮೊದಲು ಹಿಡಿಯಬೇಕಾದ್ದು ‘ಯಾರಿಗೆ’ ಎಂಬುದನ್ನು. ಪತ್ರದ ನೆತ್ತಿಯ ಮೇಲೆ ಮೂರು ತರಗತಿಗಳಿವೆ, ಪ್ರವಾಸ ಎರಡಕ್ಕೆ ಮಾತ್ರ. 6ನೇ ತರಗತಿಯ ಪೋಷಕರು ಪ್ರವಾಸದ ಸುದ್ದಿ ಕೇಳಿ ಹಣ ಹೊಂದಿಸಲು ಹೊರಟರೆ ಅದು ಸಾರಾಂಶ ಬರೆದವರ ತಪ್ಪು. ಆದ್ದರಿಂದ ಪ್ರತಿ ವಿಷಯದ ಮುಂದೆಯೂ ಅದು ಯಾರಿಗೆ ಎಂಬುದನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲೇ ‘ವಾರ್ಡ್’ ಎಂಬ ಪದವೂ ಎದುರಾಗುತ್ತದೆ. ಶಾಲೆಯ ಇಂಗ್ಲಿಷಿನಲ್ಲಿ ಅದಕ್ಕೆ ನಿಮ್ಮ ಸುಪರ್ದಿಯಲ್ಲಿರುವ ಮಗು ಎಂಬ ಅರ್ಥ. ಆಸ್ಪತ್ರೆಯ ವಾರ್ಡೂ ಅಲ್ಲ, ನಗರಸಭೆಯ ವಾರ್ಡೂ ಅಲ್ಲ. ಕನ್ನಡದಲ್ಲಿ ‘ನಿಮ್ಮ ಮಗು’ ಎಂದರೆ ಮುಗಿಯಿತು.

ಎರಡನೆಯದು ದಿನಾಂಕಗಳನ್ನು ಜಾತಿವಾರು ಬೇರ್ಪಡಿಸುವುದು. ಈ ಪತ್ರದಲ್ಲಿ ಐದು ದಿನಾಂಕಗಳಿವೆ: ಪತ್ರ ಬರೆದದ್ದು 27ರಂದು, ಚೀಟಿಗೆ ಗಡುವು 8, ಶುಲ್ಕಕ್ಕೆ ಗಡುವು 10, ಪ್ರವಾಸ 22, ರಜೆ 24. ಇವುಗಳಲ್ಲಿ ಪೋಷಕರು ಕೆಲಸ ಮಾಡಬೇಕಾದ ದಿನಗಳು ಎರಡೇ. ಸಾರಾಂಶದಲ್ಲಿ ಪ್ರವಾಸದ ದಿನವನ್ನು ಮೊದಲು ಬರೆದರೆ ಓದುವವರ ಮನಸ್ಸಿನಲ್ಲಿ 22 ಕೂತು, 8 ಕಣ್ಮರೆಯಾಗುತ್ತದೆ. ಹಾಗಾಗಿ ಪತ್ರದ ಅನುಕ್ರಮವನ್ನು ಬಿಟ್ಟು, ಬೇಗ ಬರುವ ಗಡುವನ್ನು ಮೊದಲು ಬರೆಯಬೇಕು. ‘ಆನ್ ಆರ್ ಬಿಫೋರ್’ ಎಂದಿದ್ದರೆ ಆ ದಿನವೂ ಸೇರಿತು ಎಂದರ್ಥ. ‘10ರೊಳಗೆ’ ಎಂಬ ಕನ್ನಡವನ್ನು 10 ಸೇರಿಲ್ಲವೆಂದು ಕೆಲವರು ತಿಳಿಯುವುದರಿಂದ, ‘10ನೇ ತಾರೀಖು ಕೊನೆಯ ದಿನ’ ಎಂದೇ ಬರೆಯುವುದು ಕ್ಷೇಮ. 10-11 ಎಂಬುದನ್ನೂ ಹಾಗೇ ಬಿಡದೆ ನವೆಂಬರ್ 10 ಎಂದು ತಿಂಗಳ ಹೆಸರು ಹಾಕಿ ಬಿಡಿಸಬೇಕು.

ಪ್ರತಿ ದಿನಾಂಕವನ್ನೂ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡಿ. ಹೋಲಿಸಿದಾಗ ಈ ಪತ್ರದ ಒಂದು ದೋಷ ಹೊರಬೀಳುತ್ತದೆ: 2025ರ ನವೆಂಬರ್ 8 ಶುಕ್ರವಾರವಲ್ಲ, ಎರಡನೇ ಶನಿವಾರ. ಬಹುಶಃ ಹಿಂದಿನ ವರ್ಷದ ಪತ್ರವನ್ನೇ ತಿದ್ದಿ ಬರೆದಿರಬೇಕು, ಏಕೆಂದರೆ 2024ರಲ್ಲಿ ನವೆಂಬರ್ 8 ಶುಕ್ರವಾರವೇ ಆಗಿತ್ತು. ಆದರೆ ಸರಿಯಾದದ್ದು ತಾರೀಖೋ ವಾರವೋ ಎಂದು ನಿರ್ಧರಿಸುವ ಅಧಿಕಾರ ಸಾರಾಂಶ ಬರೆಯುವವರಿಗಿಲ್ಲ. ಪತ್ರದಲ್ಲಿ ಹೇಗಿದೆಯೋ ಹಾಗೆ ತಿಳಿಸಿ, ಎರಡೂ ತಾಳೆಯಾಗುತ್ತಿಲ್ಲವೆಂದು ಹೇಳಿ, ಖಚಿತವಾಗುವವರೆಗೆ ಮುಂಚಿನ ದಿನವಾದ ಶುಕ್ರವಾರ 7ನ್ನೇ ಹಿಡಿದುಕೊಳ್ಳಿ ಎಂದು ಸೂಚಿಸಬಹುದು.

ಹಣದ ವಿಷಯದಲ್ಲಿ ನನ್ನದೊಂದು ಕಟ್ಟುನಿಟ್ಟು: ಮೊತ್ತಗಳನ್ನು ಕೂಡಿಸಬಾರದು. 850 ಮತ್ತು 12,500 ಸೇರಿ 13,350 ಎಂಬ ಲೆಕ್ಕ ಸರಿಯೇ, ಆದರೆ ಒಂದು ಲಕೋಟೆಯಲ್ಲಿ ಶಿಕ್ಷಕರಿಗೆ ಹೋಗಬೇಕು, ಇನ್ನೊಂದು ಆನ್‌ಲೈನಿನಲ್ಲಿ ಶಾಲೆಗೆ ಹೋಗಬೇಕು. ಒಟ್ಟು ಮೊತ್ತ ಬರೆದರೆ ಯಾರಾದರೂ ಅಷ್ಟನ್ನೂ ಒಂದೇ ಕಡೆ ಕಟ್ಟಿಬಿಡುತ್ತಾರೆ. ಪ್ರತಿ ಮೊತ್ತದ ಜೊತೆಗೆ ಯಾವುದಕ್ಕೆ, ಯಾರಿಗೆ, ಹೇಗೆ ಎಂಬ ಮೂರೂ ಇರಬೇಕು. 850ರಲ್ಲಿ ಏನೇನು ಸೇರಿದೆ ಎಂದು ಪತ್ರ ಹೇಳಿದ್ದನ್ನಷ್ಟೇ ಬರೆಯಬೇಕು. ಪ್ರವೇಶ ಶುಲ್ಕವಿದ್ದರೆ ಯಾರು ಕೊಡಬೇಕು ಎಂಬುದು ಪತ್ರದಲ್ಲಿಲ್ಲದಿದ್ದರೆ ಸಾರಾಂಶದಲ್ಲೂ ಇರಬಾರದು. ದಂಡವೂ ಹೀಗೆಯೇ. 14ನೇ ತಾರೀಖು ಕಟ್ಟಿದರೆ ನಾಲ್ಕು ದಿನಕ್ಕೆ 200 ರೂಪಾಯಿ ಎಂದು ಲೆಕ್ಕ ಹಾಕಿ ಕೊಡುವ ಆಸೆಯಾಗುತ್ತದೆ, ಆದರೆ ದಂಡ 16ರ ಭಾನುವಾರಕ್ಕೂ ಬೀಳುತ್ತದೆಯೇ ಎಂದು ಯಾರಾದರೂ ಕೇಳಿದರೆ ಪತ್ರದಲ್ಲಿ ಉತ್ತರವಿಲ್ಲ.

ಮೂರನೆಯದು ಕ್ರಿಯಾಪದಗಳು. ಶಾಲೆಯ ಇಂಗ್ಲಿಷಿನಲ್ಲಿ ‘ಪೋಷಕರನ್ನು ವಿನಂತಿಸಲಾಗಿದೆ’ ಎಂಬುದು ಮರ್ಯಾದೆಯ ಮಾತೇ ಹೊರತು, ಅದರ ಅರ್ಥ ಕಡ್ಡಾಯ ಎಂದೇ. ಅದನ್ನು ‘ದಯವಿಟ್ಟು’ ಎಂದು ಮೃದುವಾಗಿ ಬರೆದರೆ ಓದುವವರು ಐಚ್ಛಿಕವೆಂದು ಬಿಟ್ಟುಬಿಡುತ್ತಾರೆ. ಇನ್ನೊಂದೆಡೆ ‘ಕಳುಹಿಸಲು ಇಚ್ಛಿಸುವವರು’ ಎಂದಿದ್ದರೆ ಅದು ನಿಜಕ್ಕೂ ಐಚ್ಛಿಕ. ‘ಫೇಲಿಂಗ್ ವಿಚ್’ ಎಂಬಲ್ಲಿಂದ ಮುಂದಿನದನ್ನು ಎಂದೂ ಬಿಡಬಾರದು. ‘ಹಾಗೆ ಮಾಡದಿದ್ದರೆ’ ಏನಾಗುತ್ತದೆ ಎಂಬುದು ಇರುವುದೇ ಅಲ್ಲಿ. ‘ಇನ್ ಲ್ಯೂ ಆಫ್’ ಎಂದರೆ ‘ಅದಕ್ಕೆ ಬದಲಾಗಿ’. ರಜೆಯ ಸುತ್ತೋಲೆಗಳಲ್ಲಿ ಇದನ್ನು ತಪ್ಪಿದರೆ ಶಾಲೆ ಇರುವ ದಿನವೂ ರಜೆಯ ದಿನವೂ ಅದಲುಬದಲಾಗುತ್ತವೆ.

ಈ ಪತ್ರದ ನಿಜವಾದ ಬಲೆ ಇರುವುದು ಸಹಿಯ ಮೇಲಿನ ಆ ಒಂಟಿ ಸಾಲಿನಲ್ಲಿ. ಪ್ರವಾಸ ಮತ್ತು ಶುಲ್ಕ ಎರಡು ಬೇರೆ ವಿಷಯಗಳಂತೆ ಬೇರೆ ಪ್ಯಾರಾಗಳಲ್ಲಿವೆ, ಆದರೆ ಶುಲ್ಕ ಬಾಕಿ ಇದ್ದರೆ ಮಗು ಪ್ರವಾಸಕ್ಕಿಲ್ಲ ಎಂಬ ಷರತ್ತು ಎರಡನ್ನೂ ಗಂಟು ಹಾಕುತ್ತದೆ. ಅದರ ಜೊತೆಗೆ 850 ರೂಪಾಯಿ ಮರಳಿ ಸಿಗುವುದಿಲ್ಲ ಎಂಬುದನ್ನೂ ಸೇರಿಸಿ ನೋಡಿದರೆ, ಪ್ರವಾಸದ ಹಣ ಕೊಟ್ಟು ಶುಲ್ಕ ತಡಮಾಡಿದವರಿಗೆ ಹಣವೂ ಹೋಗಿ ಪ್ರವಾಸವೂ ತಪ್ಪುವ ಸಂಭವವಿದೆ. ವಿಷಯವಾರು ಸಾರಾಂಶ ಬರೆಯುವವರು ಇಂಥ ಸಾಲನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಬಿಟ್ಟುಬಿಡುತ್ತಾರೆ. ಅದನ್ನು ಎರಡೂ ಕಡೆ ಬರೆದರೂ ನಷ್ಟವಿಲ್ಲ. ಹೀಗೆಲ್ಲ ನೋಡಿದ ಮೇಲೆ ನಾನು ಬರೆಯುವ ಸಂದೇಶ ಇಷ್ಟು:

“7 ಮತ್ತು 8ನೇ ತರಗತಿಯವರಿಗೆ ಮಾತ್ರ: ಪ್ರವಾಸಕ್ಕೆ ಕಳುಹಿಸುವುದಾದರೆ ಸಹಿ ಮಾಡಿದ ಚೀಟಿ ಮತ್ತು 850 ರೂ. ಲಕೋಟೆಯಲ್ಲಿ ತರಗತಿ ಶಿಕ್ಷಕರಿಗೆ ಕೊಡಬೇಕು. ಕೊನೆಯ ದಿನ ‘ನವೆಂಬರ್ 8, ಶುಕ್ರವಾರ’ ಎಂದಿದೆ, ಆದರೆ 8 ಶನಿವಾರ. ಶಾಲೆಯನ್ನು ಕೇಳುತ್ತಿದ್ದೇನೆ, ಅಲ್ಲಿಯವರೆಗೆ 7 ಎಂದುಕೊಳ್ಳಿ. ಹಣ ವಾಪಸ್ ಇಲ್ಲ. 6, 7, 8 ಮೂವರಿಗೂ: ಎರಡನೇ ಕಂತು 12,500 ರೂ., ಆನ್‌ಲೈನ್ ಮಾತ್ರ, ನವೆಂಬರ್ 10 ಸೋಮವಾರ ಕೊನೆಯ ದಿನ. ಆಮೇಲೆ ದಿನಕ್ಕೆ 50 ರೂ. ದಂಡ. ಈ ಶುಲ್ಕ ಬಾಕಿ ಇದ್ದರೆ ಪ್ರವಾಸಕ್ಕೆ ಕರೆದೊಯ್ಯುವುದಿಲ್ಲ. ಪ್ರವಾಸ ನವೆಂಬರ್ 22 ಶನಿವಾರ, ಬೇಲೂರು ಹಳೇಬೀಡು, ಬೆಳಿಗ್ಗೆ 5.30ಕ್ಕೆ ಶಾಲೆಯಿಂದ, ರಾತ್ರಿ 9ರ ಸುಮಾರಿಗೆ ವಾಪಸ್. ಬಸ್ಸು, ತಿಂಡಿ, ಊಟ ಸೇರಿದೆ. ಹೋದವರಿಗೆ 24 ಸೋಮವಾರ ರಜೆ.”

ಕಳುಹಿಸುವ ಮುನ್ನ ಒಂದು ತಾಳೆ ಬಾಕಿ ಇರುತ್ತದೆ. ಫೋಟೊದಲ್ಲಿರುವ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬೆರಳಿಟ್ಟು, ಅದು ಸಂದೇಶದಲ್ಲಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಏಕೆ ಬಿಟ್ಟಿದ್ದೇವೆಂದು ನಮಗೆ ಗೊತ್ತಿರಬೇಕು. ಇಲ್ಲಿ ಬಿಟ್ಟಿರುವುದು ಉಲ್ಲೇಖ ಸಂಖ್ಯೆ ಮತ್ತು ಪತ್ರದ ದಿನಾಂಕ ಮಾತ್ರ. ಬಳಿಕ ಸಂದೇಶದ ಅಂಕಿಗಳನ್ನು ಹಿಡಿದು ಫೋಟೊದಲ್ಲಿ ಹುಡುಕಬೇಕು. ಅಲ್ಲಿಲ್ಲದ ಅಂಕಿ ಇಲ್ಲಿದ್ದರೆ ಅದು ನಮ್ಮ ಊಹೆ. ಈ ಸಂದೇಶದಲ್ಲಿ ಅಂಥದ್ದು 7ನೇ ತಾರೀಖು ಒಂದೇ, ಅದು ಊಹೆಯೆಂದು ಅಲ್ಲೇ ತಿಳಿಯುವಂತಿದೆ. ಜೊತೆಗೆ ಮೂಲ ಫೋಟೊವನ್ನೂ ಕಳುಹಿಸಬೇಕು, ಆದರೆ ಚೀಟಿಯಲ್ಲಿ ಮಗುವಿನ ಹೆಸರು, ದಾಖಲಾತಿ ಸಂಖ್ಯೆ ತುಂಬಿದ್ದರೆ ಅದನ್ನು ಮರೆಮಾಡಿ.

ಶಾಲೆಯಿಂದ ಸರಿಯಾದ ದಿನಾಂಕ ತಿಳಿದುಬಂದಾಗ ಗುಂಪಿನ ಕೊನೆಯಲ್ಲಿ ‘7 ಸರಿ’ ಎಂದಷ್ಟೇ ಬರೆದು ಬಿಡಬೇಡಿ. ಅದು ಯಾವುದಕ್ಕೆ ಉತ್ತರವೆಂದು ಮರುದಿನ ನೋಡಿದವರಿಗೆ ತಿಳಿಯುವುದಿಲ್ಲ. ಕಳುಹಿಸಿದ ಸಂದೇಶವನ್ನು ವಾಟ್ಸ್ಆ್ಯಪ್‌ನಲ್ಲಿ ತಿದ್ದಲು ಸಿಗುವುದು 15 ನಿಮಿಷ ಮಾತ್ರವಾದ್ದರಿಂದ, ಪೂರ್ತಿ ಸಂದೇಶವನ್ನು ‘ತಿದ್ದಿದ್ದು’ ಎಂಬ ತಲೆಬರಹ ಹಾಕಿ ಮತ್ತೆ ಕಳುಹಿಸಿ, ಹಳೆಯದನ್ನು ಎಲ್ಲರಿಗೂ ಅಳಿಸಿ. ತರಕಾರಿ ಅಂಗಡಿಯ ಅಕ್ಕನಿಗಂತೂ ನಾನು ಹೋಗಿ ಬಾಯಲ್ಲೇ ಹೇಳುತ್ತೇನೆ, ಏಕೆಂದರೆ ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಅವರು ಫೋನ್ ನೋಡುವುದಿಲ್ಲ.