ಸಿಂಕಿನೊಳಗೆ ಪಾತ್ರೆ, ಒಂದೂವರೆ ಗೇಣು ದೂರ: ನಾನು ಹಬೆ ತಗೊಳ್ಳುವ ರೀತಿ

ಸಕಲೇಶಪುರದ ಮಳೆಗಾಲ ಅಂದ್ರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರ ಮೂಗು ಕಟ್ಟಿಯೇ ಇರುತ್ತದೆ. ನೀಲಗಿರಿ ಎಣ್ಣೆಯ ಹಬೆ ನಿಮಗೆಲ್ಲ ಗೊತ್ತಿರುವುದೇ. ಪಾತ್ರೆ ಎಲ್ಲಿಡಬೇಕು, ಮುಖ ಎಷ್ಟು ದೂರ ಇರಬೇಕು ಅನ್ನುವುದರಲ್ಲಿ ನಾನು ಹಿಡಿದ ದಾರಿಯನ್ನು ಮಾತ್ರ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. "ಕುದಿಯೋ ನೀರಿಗೆ ಮುಖ ಹಿಡಿದ್ರೇನೆ ಮೂಗು ಬಿಡೋದು ಕಣೇ" ಅಂತಿದ್ದರು ಅತ್ತೆ. ಈಗ ಅವರೂ ನನ್ನ ಹಾಗೆಯೇ ತಗೊಳ್ಳುತ್ತಾರೆ.

ಮೊದಲು ದುಡ್ಡು ಹೋಗಿದ್ದು ಕರೆಂಟಿನ ಹಬೆ ಯಂತ್ರಕ್ಕೆ. ಮುನ್ನೂರು ನಾನೂರು ರೂಪಾಯಿಯ ಪ್ಲಾಸ್ಟಿಕ್ಕಿನದು. ನೀರು ಗೆರೆ ಮೀರಿದರೆ ಮೂತಿಯಿಂದ ಬಿಸಿ ಹನಿ ಸಿಡಿಯುತ್ತಿತ್ತು. ಎಣ್ಣೆಯನ್ನು ಅದರ ನೀರಿಗೇ ಬಿಟ್ಟಿದ್ದರಿಂದ ಒಂದೇ ಮಳೆಗಾಲದಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟಿತು. ಎರಡನೆಯದೂ ಜಾಸ್ತಿ ದಿನ ಬರಲಿಲ್ಲ. ಕುಕ್ಕರಿನ ವೆಯ್ಟ್ ತೆಗೆದು ಹಬೆ ತಗೊಳ್ಳುವವರನ್ನೂ ಕಂಡಿದ್ದೇನೆ, ಅದನ್ನಂತೂ ಬೇಡವೇ ಬೇಡ. ಕುದಿಯುವ ನೀರಿನ ಹಬೆ ಚರ್ಮಕ್ಕೆ ತಾಗಿದ ಕೂಡಲೇ ನೀರಾಗುತ್ತದೆ, ನೀರಾಗುವಾಗ ಒಳಗಿನ ಶಾಖವನ್ನೆಲ್ಲ ಚರ್ಮಕ್ಕೇ ಬಿಡುತ್ತದೆ. ಹಬೆ ಸುಟ್ಟರೆ ಜೋರಾಗಿ ಸುಡುವುದು ಅದಕ್ಕೇ.

ಆದರೆ ಮುಖಕ್ಕಿಂತ ಹೆಚ್ಚು ಸುಡುವುದು ತೊಡೆ. ಪಕ್ಕದ ಮನೆ ಹುಡುಗ ಮಂಚದ ಮೇಲೆ ಕೂತು, ಬೋಗುಣಿಯನ್ನು ಮಡಿಲಿನ ಹತ್ತಿರ ಇಟ್ಟುಕೊಂಡು, ತಲೆ ತುಂಬ ಕಂಬಳಿ ಹೊದ್ದಿದ್ದ. ಕೆಮ್ಮು ಬಂತು, ಮಂಚ ಅಲುಗಿತು, ನೀರೆಲ್ಲ ತೊಡೆಗೆ. ಒದ್ದೆ ಪ್ಯಾಂಟು ಬಿಸಿಯನ್ನು ಹಿಡಿದುಕೊಂಡೇ ಇತ್ತು. ನಾನು ಓಡಿ ಹೋಗಿ ಪ್ಯಾಂಟು ಬಿಚ್ಚಿಸಿ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಕೂರಿಸಿದೆ. ಅಷ್ಟರಲ್ಲಿ ಯಾರೋ ಟೂತ್‌ಪೇಸ್ಟ್ ತಂದರು, ಮುಟ್ಟಿಸಲು ಬಿಡಲಿಲ್ಲ. ಆದರೂ ಬೊಕ್ಕೆ ಬಂತು, ಡ್ರೆಸಿಂಗಿಗೆ ಹತ್ತು ಹನ್ನೆರಡು ಸಾವಿರ ಆಯಿತು ಅಂತ ನೆನಪು.

ಅವತ್ತಿನಿಂದ ನಮ್ಮ ಮನೆಯಲ್ಲಿ ಹಬೆ ಅಡುಗೆಮನೆಯ ಸಿಂಕಿನಲ್ಲೇ. ತಳ ಅಗಲವಾದ ಭಾರದ ಸ್ಟೀಲ್ ಪಾತ್ರೆ, ಅದರಲ್ಲಿ ಒಂದು ಲೀಟರಿನಷ್ಟು ನೀರು. ತುಂಬಿಸುವುದಿಲ್ಲ. ಪಾತ್ರೆ ಸಿಂಕಿನೊಳಗೆ ಕೂತಿರುತ್ತದೆ, ನಾನು ನಿಂತಿರುತ್ತೇನೆ. ಮಗುಚಿದರೂ ನೀರು ಸಿಂಕಿನಲ್ಲೇ ಇಳಿದು ಹೋಗುತ್ತದೆ. ನಿಲ್ಲಲು ಆಗದ ಅತ್ತೆಗೆ ಅಲುಗಾಡದ ಮೇಜಿನ ನಡುವೆ ದೊಡ್ಡ ಪರಾತ ಇಟ್ಟು, ಅದರೊಳಗೆ ಪಾತ್ರೆ ಇಡುತ್ತೇನೆ. ಇಳಿಸುವುದು, ಎತ್ತುವುದು ಎಲ್ಲ ನಾನೇ.

ನೀರು ಕುದಿದ ಮೇಲೆ ಒಲೆ ಆರಿಸಿ ಹತ್ತು ನಿಮಿಷ ಬಿಡುತ್ತೇನೆ. ಹಾಲಿನ ಥರ್ಮಾಮೀಟರ್ ಅದ್ದಿ ನೋಡಿದಾಗ 75 ಡಿಗ್ರಿ ಆಸುಪಾಸು ಇತ್ತು. ಇದೂ ತಣ್ಣಗಾಗಿದೆ ಅಂದುಕೊಳ್ಳಬೇಡಿ, 70 ಡಿಗ್ರಿಯ ನೀರು ಒಂದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ನೀರು ಆರಲು ಬಿಡುವುದರಿಂದ ಹಬೆ ಮೃದುವಾಗುತ್ತದೆ, ಚೆಲ್ಲಿದರೆ ಆಗುವ ಅಪಾಯ ಹಾಗೇ ಇರುತ್ತದೆ. ಎಣ್ಣೆ ಬಿಡುವುದು ಈಗ, ಎರಡೇ ಹನಿ. ಕುದಿಯುವಾಗ ಬಿಟ್ಟರೆ ಅರ್ಧ ಎಣ್ಣೆ ಅಡುಗೆಮನೆಗೇ ಹೋಗುತ್ತದೆ. ಐದಾರು ಹನಿ ಬಿಟ್ಟರೆ ಕಣ್ಣು ಉರಿಯುತ್ತದೆ, ಮೂಗು ಅದಕ್ಕಿಂತ ಹೆಚ್ಚೇನೂ ಬಿಡುವುದಿಲ್ಲ.

ದೂರ ಒಂದೂವರೆ ಗೇಣು, ಅಂದ್ರೆ ಅಡಿಯಷ್ಟು. ಮೂಗು ಬರುವ ಜಾಗದಲ್ಲಿ ಮೊದಲು ಮಣಿಕಟ್ಟಿನ ಒಳಭಾಗ ಹಿಡಿದು ಹತ್ತು ಎಣಿಸುತ್ತೇನೆ. ಕೈ ಹಿಂದೆ ಎಳೆಯಬೇಕು ಅನ್ನಿಸಿದರೆ ಇನ್ನೂ ಕಾಯುತ್ತೇನೆ. ತಲೆಗೆ ತೆಳು ಟವೆಲ್, ಒಂದು ಪಕ್ಕ ತೆರೆದಿರಬೇಕು. ಕಣ್ಣು ಮುಚ್ಚಿ ಐದರಿಂದ ಹತ್ತು ನಿಮಿಷ ಸಾಕು. ಕೆನ್ನೆ ಚುರುಗುಟ್ಟಿದರೆ ತಲೆ ಎತ್ತಿಬಿಡಿ, ತಡೆದುಕೊಳ್ಳುವುದರಿಂದ ಲಾಭ ಏನೂ ಇಲ್ಲ.

ಹಬೆಗೆ ನೆಗಡಿ ಬೇಗ ಹೋಗುವುದಿಲ್ಲ, ಇದು ನಿಜ. ಎಣ್ಣೆಯ ತಂಪಿನಿಂದ ಉಸಿರು ಸಲೀಸಾದ ಹಾಗೆ ಅನ್ನಿಸುತ್ತದೆ, ಸಿಂಬಳ ಸ್ವಲ್ಪ ಸಡಿಲವಾಗುತ್ತದೆ. ನನಗೆ ಹಬೆ ತಗೊಂಡ ಮೇಲಿನ ಅರ್ಧ ಗಂಟೆಯಲ್ಲಿ ನಿದ್ದೆ ಹತ್ತಿದರೆ ಸಾಕು. ತೋಟದ ನೀಲಗಿರಿ ಎಲೆಯನ್ನೂ ಕುದಿಸಿ ನೋಡಿದೆ, ಘಮ ಚೆನ್ನಾಗಿದೆ, ಆದರೆ ಮೂಗಿಗೆ ಎಣ್ಣೆಯಷ್ಟು ತಾಗಲಿಲ್ಲ. ದೊಡ್ಡಪತ್ರೆ ಜೊತೆ ಇನ್ನೊಂದು ಸೊಪ್ಪು ಸೇರಿಸಿದ್ದು ಮಾತ್ರ ಬಹಳ ಹಿಡಿಸಿತು. ಅದು ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಮಕ್ಕಳಿಗೆ ಈ ಪಾತ್ರೆಯ ಹಬೆ ಕೊಡುವುದೇ ಇಲ್ಲ. ತಂಗಿಯ ಮಗು ಬಂದರೆ ಮೂಗಿಗೆ ಸಲೈನ್ ಹನಿ ಅಷ್ಟೇ. ಎಣ್ಣೆ ಬಾಟಲಿ ಮೇಲಿನ ಕಪಾಟಿನಲ್ಲಿ, ಬೀಗದೊಳಗೆ ಇರುತ್ತದೆ. ಒಂದು ಚಮಚ ಕುಡಿದರೂ ಮಗುವಿಗೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಊಟಿಯಿಂದ ತಂದ ನೂರು ಎಂ.ಎಲ್. ಬಾಟಲಿ ಹನಿ ಲೆಕ್ಕದಲ್ಲಿ ಮೂರು ಮಳೆಗಾಲ ದಾಟಿದೆ, ಇನ್ನೂ ಕಾಲು ಭಾಗ ಉಳಿದಿದೆ.