ಕಂಬದ ಹೊಳಪಿನಲ್ಲಿ ಚೌಕಳಿ: ನಾರ್ಮಲ್ ಮ್ಯಾಪಿಗೆ ಯಾವ ಕಂಪ್ರೆಶನ್?

ಸೋಮನಾಥಪುರದ ಕೇಶವ ದೇವಾಲಯದೊಳಗೆ ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳನ್ನು ನೋಡಿಕೊಂಡು, ಮೈಸೂರಿನ ನಮ್ಮ ಪುಟ್ಟ ಸ್ಟುಡಿಯೊದಲ್ಲಿ ಒಂದು ಗೇಮಿಗಾಗಿ ಕಂಬದ ಮಾದರಿಯನ್ನು ತಯಾರಿಸಿದ್ದೆವು. ಆಕಾರ, ಬಣ್ಣ ಎರಡೂ ಸರಿಯಾಗಿದ್ದವು. ಆದರೆ ದೃಶ್ಯದಲ್ಲಿನ ದೀಪವನ್ನು ಪಕ್ಕಕ್ಕೆ ಸರಿಸಿದೊಡನೆ ಕಂಬದ ಮೇಲಿನ ಹೊಳಪು ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು. “ಇದೇನ್ ಸರ್, ಕಂಬಕ್ಕೆ ಚೌಕಳಿ ಲುಂಗಿ ಉಡಿಸಿದ ಹಾಗಿದೆಯಲ್ಲ” ಎಂದು ನಮ್ಮ ಹುಡುಗನೊಬ್ಬ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ತಪ್ಪು ನನ್ನದೇ: ಬಣ್ಣದ ಚಿತ್ರಕ್ಕೆ ಕೊಟ್ಟಿದ್ದ BC1 ಕಂಪ್ರೆಶನ್ನನ್ನೇ, ಮೇಲ್ಮೈ ಎಲ್ಲೆಲ್ಲಿ ಯಾವ ಕಡೆ ಓರೆಯಾಗಿದೆಯೆಂದು ಹೇಳುವ ನಾರ್ಮಲ್ ಮ್ಯಾಪಿಗೂ ಕೊಟ್ಟುಬಿಟ್ಟಿದ್ದೆ.

ಮೊದಲು ದೋಷವನ್ನು ಗುರುತಿಸಿ

ಹೊಳಪು ಕೆಟ್ಟಿತೆಂದರೆ ಕಂಪ್ರೆಶನ್ನೇ ಕಾರಣವೆಂದು ತೀರ್ಮಾನಿಸಬಾರದು. ಮಾದರಿಯ ಮೇಲಿನ ಬಣ್ಣದ ಚಿತ್ರವನ್ನು ತೆಗೆದು, ಸಾದಾ ಬೂದು ಬಣ್ಣ ಕೊಟ್ಟು, ಒರಟುತನವನ್ನು ಸುಮಾರು 0.2ಕ್ಕೆ ಇಳಿಸಿ, ಒಂದೇ ಒಂದು ದೀಪವನ್ನು ಉಳಿಸಿಕೊಂಡು ಅದನ್ನು ನಿಧಾನವಾಗಿ ಸುತ್ತಿಸಬೇಕು. ಬಣ್ಣದ ಗದ್ದಲವಿಲ್ಲದ ನುಣುಪಾದ ಮೇಲ್ಮೈಯಲ್ಲಿ ದಿಕ್ಕಿನ ಅಲ್ಪ ತಪ್ಪೂ ಹೊಳಪಿನ ಅಂಚಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಬಳಿಕ ಟೆಕ್ಸ್ಚರಿನ ಫಿಲ್ಟರನ್ನು ‘ಪಾಯಿಂಟ್’ಗೆ ಬದಲಿಸಿ, ಟೆಕ್ಸ್ಚರಿನ ಒಂದೊಂದು ಚುಕ್ಕಿ, ಅಂದರೆ ಟೆಕ್ಸೆಲ್, ಬೇರೆಯಾಗಿ ಕಾಣುವಷ್ಟು ಹತ್ತಿರ ಹೋಗಿ, ಚೌಕದ ಒಂದು ಬದಿಯಲ್ಲಿ ಎಷ್ಟು ಟೆಕ್ಸೆಲ್‌ಗಳಿವೆ ಎಂದು ಎಣಿಸಬೇಕು. ಪರದೆಯ ಪಿಕ್ಸೆಲ್‌ಗಳನ್ನಲ್ಲ, ಟೆಕ್ಸೆಲ್‌ಗಳನ್ನೇ ಎಣಿಸಬೇಕು. ನಾಲ್ಕಕ್ಕೊಂದು ಗೆರೆ ಬಿದ್ದಿದ್ದರೆ ಅದು BC ಕುಟುಂಬದ ಕಂಪ್ರೆಶನ್ನಿನ ಗುರುತು. ಎಂಟಕ್ಕೊಂದು ಬಿದ್ದಿದ್ದು ನೀವು ಆರಿಸಿದ ಬ್ಲಾಕ್ ಎಂಟರದ್ದಲ್ಲವಾದರೆ, ಮೂಲ ಚಿತ್ರವನ್ನು ಯಾರೋ ಜೆಪೆಗ್ ಆಗಿ ಉಳಿಸಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಜೆಪೆಗ್ ಚಿತ್ರವನ್ನು ಎಂಟೆಂಟರ ಚೌಕಗಳಲ್ಲಿ ಕುಗ್ಗಿಸುತ್ತದೆ. ಆಗ ಇಲ್ಲಿ ಯಾವ ಫಾರ್ಮ್ಯಾಟ್ ಬದಲಿಸಿದರೂ ಪ್ರಯೋಜನವಿಲ್ಲ, ನಾರ್ಮಲ್ ಮ್ಯಾಪನ್ನು ಮತ್ತೆ ಬೇಕ್ ಮಾಡಿ ಪಿಎನ್‌ಜಿಯಲ್ಲಿ ಉಳಿಸಬೇಕು. ಚೌಕಗಳೇ ಇಲ್ಲದೆ ಮೆಟ್ಟಿಲುಗಳು ಆಕಾರದ ಬಾಗನ್ನು ಅನುಸರಿಸಿ ಸಾಗಿದ್ದರೆ ಅದು 8 ಬಿಟ್ಟಿನ ಮಿತಿ. ಇಡೀ ಮೇಲ್ಮೈ ಒಂದೇ ಕಡೆಗೆ ವಾಲಿದಂತೆ ಕಂಡರೆ, ದಿಕ್ಕಿನ ಅಂಕಿಗಳನ್ನು ಬಣ್ಣವೆಂದು ತಿಳಿದು sRGB ಪರಿವರ್ತನೆ ನಡೆದಿದೆ ಎಂದರ್ಥ.

ಕೊನೆಯದಾಗಿ, ಕಂಪ್ರೆಶನ್ ಇಲ್ಲದ ಪ್ರತಿಯನ್ನು ಅದೇ ದೀಪದಡಿ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಕಂಬದಲ್ಲಿ ಗೆರೆಗಳು ನಾಲ್ಕಕ್ಕೊಂದರಂತೆ ಇದ್ದವು, ಪಕ್ಕದ ಪ್ರತಿ ಶುದ್ಧವಾಗಿತ್ತು.

ಚೌಕ ಹುಟ್ಟುವುದೆಲ್ಲಿ

ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಚುಕ್ಕಿಯಿಟ್ಟ ರಂಗೋಲಿಯನ್ನು ನೆನೆಸಿಕೊಳ್ಳಿ. BC1 ಆ ಹದಿನಾರು ಚುಕ್ಕಿಗಳನ್ನು ಒಂದು ಬ್ಲಾಕ್ ಎಂದು ತೆಗೆದುಕೊಂಡು, ಇಡೀ ಬ್ಲಾಕಿಗೆ 8 ಬೈಟ್‌ಗಳನ್ನಷ್ಟೇ ಕೊಡುತ್ತದೆ. ಅದರಲ್ಲಿ ಎರಡು ಬಣ್ಣಗಳನ್ನು ಬರೆದಿಟ್ಟು, ಅವೆರಡರ ನಡುವೆ ಎಳೆದ ನೇರ ಗೆರೆಯ ಮೇಲೆ ಇನ್ನೆರಡನ್ನು ಲೆಕ್ಕ ಹಾಕಿಕೊಂಡು, ಪ್ರತಿ ಚುಕ್ಕಿಗೂ ಈ ನಾಲ್ಕರಲ್ಲೊಂದನ್ನು ಹಂಚುತ್ತದೆ. ಗೋಡೆಯ ಬಣ್ಣಕ್ಕೆ ಇದು ಸಾಕು, ಏಕೆಂದರೆ ಅಕ್ಕಪಕ್ಕದ ಬಣ್ಣಗಳು ಬಹುತೇಕ ಒಂದೇ ಗೆರೆಯಲ್ಲಿ ಗಾಢವಾಗುತ್ತ ತಿಳಿಯಾಗುತ್ತ ಹೋಗುತ್ತವೆ.

ನಾರ್ಮಲ್ ಮ್ಯಾಪಿನಲ್ಲಿ ಕೆಂಪು ಮತ್ತು ಹಸಿರು ಬಣ್ಣಗಳಲ್ಲ. ಕೆಂಪು ಅಡ್ಡ ಓರೆಯನ್ನೂ ಹಸಿರು ಲಂಬ ಓರೆಯನ್ನೂ ಹೇಳುತ್ತದೆ. ಕಂಬದ ಬಳೆಯಂಥ ಉಬ್ಬಿನಲ್ಲಿ ಲಂಬ ಓರೆಯೊಂದೇ ಬದಲಾಗುವುದರಿಂದ ಹೇಗೋ ನಾಲ್ಕು ಮೆಟ್ಟಿಲಲ್ಲಿ ಮುಗಿಯುತ್ತದೆ. ಆದರೆ ಮಣಿಸರದ ಸಾಲಿನಲ್ಲಿ ಪ್ರತಿ ಮಣಿಯೂ ಎಡಬಲ, ಮೇಲೆಕೆಳಗೆ ಎರಡೂ ಕಡೆ ಬಾಗುತ್ತದೆ. ಎರಡು ದಿಕ್ಕಿನಲ್ಲಿ ಹರಡಿದ ಹದಿನಾರು ಓರೆಗಳನ್ನು ಒಂದೇ ಗೆರೆಯ ಮೇಲೆ ಒತ್ತಿದಾಗ ದುಂಡಗಿನ ಮಣಿ ಮೂಲೆಗಳಿರುವ ಸಕ್ಕರೆ ಅಚ್ಚಿನಂತಾಗುತ್ತದೆ, ಮತ್ತು ಪಕ್ಕದ ಬ್ಲಾಕ್ ತನ್ನದೇ ಬೇರೆ ಗೆರೆಯನ್ನು ಆರಿಸಿಕೊಂಡಿರುವುದರಿಂದ ಎರಡರ ನಡುವೆ ಅಂಚು ಏಳುತ್ತದೆ. ಇದರ ಮೇಲೆ, BC1 ತುದಿಯ ಬಣ್ಣಗಳಲ್ಲಿ ಕೆಂಪಿಗೆ 5 ಬಿಟ್ ಮಾತ್ರ ಕೊಡುತ್ತದೆ. ಅಂದರೆ 32 ಮೆಟ್ಟಿಲು, ಸಮತಟ್ಟಾದ ಕಡೆ ಒಂದೊಂದು ಮೆಟ್ಟಿಲಿಗೂ ಸುಮಾರು 3.7 ಡಿಗ್ರಿ ಓರೆ. ಹೊಳೆಯುವ ಕಲ್ಲಿನಲ್ಲಿ ಅಷ್ಟು ಓರೆ ಕಣ್ಣಿಗೆ ರಾಚುತ್ತದೆ.

ಡೆಸ್ಕ್‌ಟಾಪಿಗೆ BC5

BC5 ಕೆಂಪನ್ನೂ ಹಸಿರನ್ನೂ ಎರಡು ಬೇರೆ ಲೆಕ್ಕವಾಗಿ ಇಡುತ್ತದೆ. ಪ್ರತಿಯೊಂದಕ್ಕೂ 8 ಬಿಟ್ಟಿನ ಎರಡು ತುದಿ, ಒಟ್ಟು ಎಂಟು ಮೆಟ್ಟಿಲು. ಹೀಗಾಗಿ ಒಂದು ಬ್ಲಾಕಿನೊಳಗೆ 64 ಬಗೆಯ ಓರೆಗಳು ಸಾಧ್ಯ. ನೀಲಿಯನ್ನು ಅದು ಬಿಟ್ಟೇಬಿಡುತ್ತದೆ, ಆದರೆ ದಿಕ್ಕಿನ ಉದ್ದ ಯಾವಾಗಲೂ 1 ಆದ್ದರಿಂದ ಉಳಿದೆರಡರಿಂದ ಅದನ್ನು ಶೇಡರಿನಲ್ಲಿ ಮರಳಿ ಪಡೆಯಬಹುದು:

```
n.xy = tex.rg * 2.0 - 1.0;
n.z  = sqrt(saturate(1.0 - dot(n.xy, n.xy)));
```

ಈ ಎರಡನೆಯ ಸಾಲನ್ನು ಮರೆತರೆ ಇಡೀ ಕಂಬದ ಬೆಳಕು ಕೆಟ್ಟು ಹೋಗುತ್ತದೆ. ಬೆಲೆಯೂ ಇದೆ: 2048ರ ಚದರ ಚಿತ್ರ ಕಂಪ್ರೆಶನ್ ಇಲ್ಲದೆ 16 ಎಂಬಿ, BC1ನಲ್ಲಿ 2 ಎಂಬಿ, BC5ನಲ್ಲಿ 4 ಎಂಬಿ, ದೂರದ ನೋಟಕ್ಕೆಂದು ಇಡುವ ಕಿರು ಪ್ರತಿಗಳಾದ ಮಿಪ್‌ಗಳು ಸೇರಿದರೆ ಪ್ರತಿಯೊಂದಕ್ಕೂ ಮೂರನೇ ಒಂದು ಭಾಗ ಹೆಚ್ಚು. ಜಾಗ ಉಳಿಸಲೇಬೇಕಾದರೆ, ನನ್ನ ಅಭಿಪ್ರಾಯದಲ್ಲಿ, 2048ರ BC1ಗಿಂತ 1024ರ BC5 ಮೇಲು: ಅದು 1 ಎಂಬಿ ಮಾತ್ರ, ಮತ್ತು ಸ್ವಲ್ಪ ಮಸುಕಾದ ಮಣಿಯನ್ನು ಯಾರೂ ದೂರುವುದಿಲ್ಲ.

ಮೊಬೈಲಿಗೆ ASTC

ಫೋನುಗಳ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ BC ಸಿಗುವುದಿಲ್ಲ, ಡೆಸ್ಕ್‌ಟಾಪ್ ಕಾರ್ಡುಗಳಲ್ಲಿ ASTC ಸಿಗುವುದಿಲ್ಲ. ಹಾಗಾಗಿ ಒಂದೇ ಮೂಲದಿಂದ ಎರಡು ಪ್ರತಿಗಳು ಬೇಕು. ASTCಯಲ್ಲಿ ಬ್ಲಾಕ್ ಯಾವುದಾದರೂ ಅದಕ್ಕೆ 16 ಬೈಟ್‌ಗಳೇ, ಬದಲಾಗುವುದು ಬ್ಲಾಕಿನ ಅಳತೆ. 2048ರ ಚಿತ್ರ 4x4ನಲ್ಲಿ 4 ಎಂಬಿ, 5x5ನಲ್ಲಿ ಸುಮಾರು 2.6, 6x6ನಲ್ಲಿ ಸುಮಾರು 1.8, 8x8ನಲ್ಲಿ 1 ಎಂಬಿ ಆಗುತ್ತದೆ. ಇಲ್ಲಿಯೂ ನೀಲಿಗೆ ಬಿಟ್ ಖರ್ಚು ಮಾಡದಂತೆ ಎನ್‌ಕೋಡರಿಗೆ ಇದು ನಾರ್ಮಲ್ ಮ್ಯಾಪ್ ಎಂದು ಹೇಳಬೇಕು:

```
astcenc -cl kamba_n.png kamba_n.astc 5x5 -thorough -normal
```

ಹೀಗೆ ಮಾಡಿದಾಗ ಅಡ್ಡ ಓರೆ ಬಣ್ಣದ ಮೂರೂ ಚಾನೆಲ್‌ಗಳಲ್ಲಿ, ಲಂಬ ಓರೆ ಆಲ್ಫಾದಲ್ಲಿ ಕೂರುತ್ತವೆ; ಆದ್ದರಿಂದ ಶೇಡರಿನಲ್ಲಿ `tex.rg` ಬದಲು `tex.ga` ಓದಬೇಕು.

ಬ್ಲಾಕಿನ ಅಳತೆಯನ್ನು ಮೇಲ್ಮೈ ನೋಡಿ ನಿರ್ಧರಿಸಬೇಕೇ ಹೊರತು ಇಡೀ ಗೇಮಿಗೆ ಒಂದೇ ಎಂದು ಕಟ್ಟಿಹಾಕಬಾರದು. ನಮ್ಮ ಕಂಬದ ಮಣಿಸರ 6x6ನಲ್ಲಿ ಹತ್ತಿರದಿಂದ ಒಡೆಯುತ್ತಿತ್ತು, 5x5ನಲ್ಲಿ ನಿಂತಿತು. ಅದೇ ಗೇಮಿನ ಶ್ರೀರಂಗಪಟ್ಟಣದ ಕೋಟೆಗೋಡೆಗೆ 8x8 ಕೊಟ್ಟರೂ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಒರಟು ಕಲ್ಲಿನಲ್ಲಿ ಹೊಳಪೇ ಇಲ್ಲ, ಇದ್ದಷ್ಟು ತಪ್ಪನ್ನು ಕಲ್ಲಿನ ತರಿತರಿಯೇ ನುಂಗಿಬಿಡುತ್ತದೆ. ASTC ಇಲ್ಲದ ಹಳೆಯ ಆಂಡ್ರಾಯ್ಡ್ ಫೋನುಗಳನ್ನೂ ತಲುಪಬೇಕಿದ್ದರೆ, OpenGL ES 3.0 ಇರುವ ಕಡೆ EACನ RG11 ಸಿಗುತ್ತದೆ. ಅದು BC5ನಂತೆಯೇ ಎರಡು ಚಾನೆಲ್, ನಾಲ್ಕುನಾಲ್ಕರ ಬ್ಲಾಕಿಗೆ 16 ಬೈಟ್.

ಪರೀಕ್ಷೆಯನ್ನು ಫೋನಿನಲ್ಲೇ ಮಾಡಿ. ಮೊಬೈಲ್ ಪ್ರತಿಗೆ 6x6 ಕೊಟ್ಟಿದ್ದಾಗಲೂ ಕಂಪ್ಯೂಟರಿನ ಎಡಿಟರಿನಲ್ಲಿ ನಮ್ಮ ಮಣಿಗಳು ದುಂಡಗೇ ಇದ್ದವು, ಏಕೆಂದರೆ ಅಲ್ಲಿ ತೋರುತ್ತಿದ್ದುದು BC5 ಪ್ರತಿಯನ್ನು.