ಒಂದೇ ಪ್ರಶ್ನೆ ಕೇಳಬಹುದು ಅಂದರೆ ಯಾವುದನ್ನು ಕೇಳಬೇಕು?

ಜುಲೈ ಬಂದರೆ ದಾವಣಗೆರೆಯ ನಮ್ಮ ಗೊಬ್ಬರದ ಅಂಗಡಿಗೆ ದಿನಾ ಇಂಥ ಫೋನ್ ಬರುತ್ತದೆ: "ಅಣ್ಣಾ, ಮೆಕ್ಕೆಜೋಳ ಹಳದಿ ಆಗೈತೆ, ಏನ್ ಹಾಕ್ಲಿ?" ಬಿತ್ತಿ ತಿಂಗಳಾಗಿರುತ್ತದೆ. ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿರುತ್ತಾರೆ, ಚೀಲ ಒಯ್ಯಲು ಆಟೋ ಕಾಯುತ್ತಿರುತ್ತದೆ. ಒಂದೆರಡು ಪ್ರಶ್ನೆಗಿಂತ ಜಾಸ್ತಿ ಕೇಳಲು ಆಗುವುದಿಲ್ಲ. ಆ ಒಂದನ್ನು ಆರಿಸುವುದಕ್ಕೆ ನಾನು ಅನುಸರಿಸುವ ಕ್ರಮ ಇದು.

ಮೊದಲು, ಏನೂ ಕೇಳದೇ ಇದ್ದರೆ ಏನು ಕೊಡುತ್ತಿದ್ದೆ ಅಂತ ತೀರ್ಮಾನಿಸಿ. ನನ್ನ ಮಟ್ಟಿಗೆ ಅದು ಯೂರಿಯಾ. ಆ ವಯಸ್ಸಿನ ಪೈರು ಹಳದಿಯಾಗಲು ಸಾರಜನಕದ ಕೊರತೆಯೇ ಹೆಚ್ಚಿನ ಸಲ ಕಾರಣ, ಮೇಲುಗೊಬ್ಬರದ ಸಮಯವೂ ಅದೇ. ಈ ಉತ್ತರ ಕೈಯಲ್ಲಿಲ್ಲದೆ ಯಾವ ಪ್ರಶ್ನೆಗೂ ಬೆಲೆ ಕಟ್ಟಲು ಬರುವುದಿಲ್ಲ. ಯಾಕೆಂದರೆ ನಾವು ಅಳೆಯುವುದು ಅದು ಎಷ್ಟು ಬದಲಾಗುತ್ತದೆ ಅನ್ನುವುದನ್ನೇ.

ಆಮೇಲೆ ಬಾಯಿಗೆ ಬರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಯಿರಿ. ಪ್ರತಿ ಪ್ರಶ್ನೆಯ ಎದುರು ಬರಬಹುದಾದ ಉತ್ತರಗಳು, ಪ್ರತಿ ಉತ್ತರದ ಎದುರು ಆಗ ನೀವು ಕೊಡುವ ವಸ್ತು. "ಯಾವ ಕಂಪನಿ ಬೀಜ?" ಅಂತ ನಾನು ವರ್ಷಗಟ್ಟಲೆ ಮೊದಲು ಕೇಳುತ್ತಿದ್ದೆ. ಬರೆದು ನೋಡಿದರೆ ಯಾವ ಹೆಸರು ಹೇಳಿದರೂ ಕೊಡುವುದು ಯೂರಿಯಾನೇ. ಹೊಡೆದು ಹಾಕಿದೆ.

ಉಳಿದವು ಎರಡು. ಹಳದಿ ಬುಡದ ಎಲೆಯಲ್ಲೋ, ಸುಳಿಯ ಹೊಸ ಎಲೆಯಲ್ಲೋ? ಹೊಲದಲ್ಲಿ ನೀರು ನಿಂತಿತ್ತೋ? ಇವಕ್ಕೆ ಲೆಕ್ಕ ಹಾಕೋಣ.

ಸಾರಜನಕ ಕಡಿಮೆಯಾದರೆ ಬುಡದ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ತುದಿಯಿಂದ ಶುರುವಾಗಿ ನಡುದಿಂಡಿನ ಗುಂಟ ಒಳಗೆ ಇಳಿಯುತ್ತದೆ. ಜಿಂಕ್ ಕಡಿಮೆಯಾದರೆ ಹೊಸ ಎಲೆಯಲ್ಲಿ, ನಡುದಿಂಡಿನ ಎರಡೂ ಬದಿ ಬಿಳಿಚಿದ ಪಟ್ಟೆ ಕಾಣುತ್ತದೆ. ದಿಂಡು ಮತ್ತು ಅಂಚು ಹಸಿರಾಗಿಯೇ ಇರುತ್ತವೆ. ಅದಕ್ಕೆ ಯೂರಿಯಾ ಸುರಿದರೆ ಪ್ರಯೋಜನವಿಲ್ಲ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಬೆರೆಸಿ ಸಿಂಪಡಿಸಬೇಕು. ನೀರು ನಿಂತ ಹೊಲದಲ್ಲೂ ಬುಡದ ಎಲೆಯೇ ಹಳದಿಯಾಗುತ್ತದೆ. ಅಲ್ಲಿ ಮೊದಲು ಬಸಿಗಾಲುವೆ, ಆಮೇಲೆ ಗೊಬ್ಬರ.

ಹತ್ತು ಫೋನಿನಲ್ಲಿ ಐದು ಸಾರಜನಕದ್ದು, ಮೂರು ಜಿಂಕಿನದ್ದು, ಎರಡು ನೀರು ನಿಂತದ್ದು ಅಂದುಕೊಳ್ಳಿ. ಇದು ನನ್ನ ಅಂದಾಜು. ನಿಮ್ಮ ಊರಿನದ್ದು ಬೇರೆ ಇರಬಹುದು. ಜಿಂಕ್ ಕೊರತೆಗೆ ಯೂರಿಯಾ ಕೊಟ್ಟರೆ ಎಕರೆಗೆ ಎರಡು ಕ್ವಿಂಟಲ್ ಹೋಗುತ್ತದೆ ಅಂತ ಇಟ್ಟರೆ, ಕ್ವಿಂಟಲಿಗೆ 2,000 ರೂಪಾಯಿಯಂತೆ 4,000. ನಿಂತ ನೀರಿಗೆ ಯೂರಿಯಾ ಹಾಕಿದರೆ 1,500 ನಷ್ಟ ಅನ್ನೋಣ.

ಎಲೆಯ ಪ್ರಶ್ನೆ: ಹತ್ತರಲ್ಲಿ ಏಳು ಜನ "ಬುಡದ್ದು" ಅನ್ನುತ್ತಾರೆ, ಯೂರಿಯಾ ಹಾಗೇ ಉಳಿಯುತ್ತದೆ, ಲಾಭ ಸೊನ್ನೆ. ಮೂವರು "ಸುಳಿದು" ಅನ್ನುತ್ತಾರೆ, ಒಬ್ಬೊಬ್ಬರಿಗೆ 4,000 ಉಳಿಯಿತು. ಒಟ್ಟು 12,000, ಹತ್ತಕ್ಕೆ ಹಂಚಿದರೆ ಒಂದು ಫೋನಿಗೆ 1,200. ನೀರಿನ ಪ್ರಶ್ನೆ: ಇಬ್ಬರಿಗೆ 1,500ರಂತೆ 3,000, ಫೋನಿಗೆ 300. ಹಾಗಾಗಿ ಮೊದಲು ಎಲೆ ಕೇಳಬೇಕು.

ಉತ್ತರ ಬಂದ ಮೇಲೆ ಲೆಕ್ಕ ಮತ್ತೆ ಹಾಕಬೇಕು. ಇದನ್ನು ಬಹಳ ಜನ ಬಿಡುತ್ತಾರೆ. "ಬುಡದ ಎಲೆ" ಅಂದರೋ, ಈಗ ಏಳರಲ್ಲಿ ಇಬ್ಬರದ್ದು ನೀರಿನ ತೊಂದರೆ. 3,000ವನ್ನು ಏಳಕ್ಕೆ ಹಂಚಿದರೆ ಸುಮಾರು 430. ನೀರಿನ ಪ್ರಶ್ನೆಯ ಬೆಲೆ ಏರಿತು. "ಸುಳಿ" ಅಂದರೋ, ನೀರಿನ ಪ್ರಶ್ನೆಗೆ ಹೆಚ್ಚು ಕೆಲಸವಿಲ್ಲ. ಊರೂ ಲೆಕ್ಕ ತಿರುಗಿಸುತ್ತದೆ. ಜಗಳೂರಿನ ಒಣಭೂಮಿಯವರು ಮಳೆ ಕಾಯುತ್ತಿರುವಾಗ ನೀರು ನಿಂತಿತ್ತಾ ಅಂತ ಕೇಳಿ ಏನು ಸಿಗುತ್ತದೆ? ಭದ್ರಾ ಕಾಲುವೆಯ ಪಕ್ಕದ ಹೊಲವಾದರೆ ಅದೇ ಪ್ರಶ್ನೆ ಮೊದಲನೆಯದೇ ಆಗಬಹುದು.

ಬೆಲೆ ಎಷ್ಟೇ ಇರಲಿ, ಕೇಳಿದ್ದು ಎದುರಿನವರಿಗೆ ಸರಿಯಾಗಿ ಮುಟ್ಟಬೇಕು. ಒಮ್ಮೆ ನಾನು "ಹಳದಿ ಎಲೆ ಮೇಲಾ, ಕೆಳಗಾ?" ಅಂತ ಕೇಳಿದೆ. ಅವರು ಎಲೆಯ ಬೆನ್ನು ತಿರುಗಿಸಿ ನೋಡಿ "ಎರಡೂ ಕಡೆ ಐತೆ" ಅಂದರು. ನಾನು ಗಿಡವೆಲ್ಲ ಹಳದಿ ಅಂದುಕೊಂಡು ಯೂರಿಯಾ ಕೊಟ್ಟೆ. ವಾರ ಬಿಟ್ಟು ಒಂದು ಸುಳಿ ಎಲೆ ಕಿತ್ತು ತಂದರು, ದಿಂಡಿನ ಆಚೆ ಈಚೆ ಬಿಳಿ ಪಟ್ಟೆ. ಅವತ್ತಿನಿಂದ "ಬುಡದ ಎಲೆನಾ, ಸುಳಿ ಎಲೆನಾ?" ಅಂತಲೇ ಕೇಳುತ್ತೇನೆ.

ಮಣ್ಣು ಪರೀಕ್ಷೆ ಮಾಡಿಸಿದ್ದೀರಾ ಅನ್ನುವುದೂ ಒಳ್ಳೆಯ ಪ್ರಶ್ನೆಯೇ, ಚೀಟಿ ಮನೆಯಲ್ಲಿದ್ದರೆ. ಇಲ್ಲ ಅಂದರೆ ಫಲಿತಾಂಶ ಬರುವಷ್ಟರಲ್ಲಿ ಮೇಲುಗೊಬ್ಬರದ ದಿನ ದಾಟಿರುತ್ತದೆ. ಅದನ್ನು ಮುಂದಿನ ಬಿತ್ತನೆಗೆ ಇಟ್ಟುಕೊಂಡು, ಈಗ ಎಲೆಯನ್ನೇ ಕೇಳಿ. ಗೊತ್ತಿಲ್ಲ ಅಂದರೆ ಆಟೋ ವಾಪಸ್ ಕಳಿಸಿ, ಹೊಲಕ್ಕೆ ಹೋಗಿ ನೋಡಿ ಬರಲು ಹೇಳಿ. ಆಟೋ ಬಾಡಿಗೆ 1,200ಕ್ಕಿಂತ ತೀರಾ ಕಡಿಮೆ.